ರ‍್ಯಾನ್ಸಮ್‌ವೇರ್ ಎಚ್ಚರಿಕೆ: ಅಂಗಡಿಯ ಕಂಪ್ಯೂಟರಿನ ಪರದೆ ಹೇಳುವುದೇನು

ರ‍್ಯಾನ್ಸಮ್‌ವೇರ್ ಎಂದರೆ ಕಂಪ್ಯೂಟರಿನಲ್ಲಿರುವ ಕಡತಗಳನ್ನು ಯಜಮಾನನೇ ತೆರೆಯಲಾಗದಂತೆ ಗೂಢಲಿಪಿಗೆ ಪರಿವರ್ತಿಸಿ, ಅವುಗಳನ್ನು ಮತ್ತೆ ಓದುವಂತೆ ಮಾಡಿಕೊಡಲು ಹಣ ಕೇಳುವ ದುಷ್ಟ ತಂತ್ರಾಂಶ. ಬಿಲ್ಲು, ದಾಸ್ತಾನು, ಉದ್ರಿ ಲೆಕ್ಕ, ಜಿಎಸ್‌ಟಿ ವಿವರ ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಸಣ್ಣ ವರ್ತಕನಿಗೆ ಅದರ ಎಚ್ಚರಿಕೆ ಪರದೆಯ ಮೇಲೆ ಕಂಡಾಗ, ಯಾವುದೋ ಕೇಡು ಆರಂಭವಾಗುತ್ತಿದೆ ಎಂದು ಅನ್ನಿಸುವುದು ಸಹಜ. ವಾಸ್ತವದಲ್ಲಿ ಹಣದ ಬೇಡಿಕೆಯ ಚೀಟಿ ಬರುವುದು ಕೆಲಸದ ಕೊನೆಗೆ, ಅಂದರೆ ಕಡತಗಳೆಲ್ಲ ಅಥವಾ ಬಹುಪಾಲು ಬದಲಾದ ಮೇಲೆ. ಆದ್ದರಿಂದ ಆ ಚೀಟಿಯನ್ನು ಮುಂದಾಗುವ ಅಪಾಯದ ಸೂಚನೆ ಎಂದು ಓದುವುದಕ್ಕಿಂತ, ಈಗಾಗಲೇ ಆದ ಹಾನಿಯ ವಿವರಪತ್ರ ಎಂದು ಓದುವುದು ಸರಿ. ಯಾವ ಬಗೆಯ ತಂತ್ರಾಂಶ ಹೊಕ್ಕಿದೆ, ಎಂಥ ಕೀಲಿಯನ್ನು ಬಳಸಿದೆ, ಕಡತಗಳು ಮರಳಿ ಸಿಗುವ ಸಾಧ್ಯತೆ ಎಷ್ಟು ಎಂಬ ಮೂರೂ ಪ್ರಶ್ನೆಗಳ ಉತ್ತರಕ್ಕೆ ಬೇಕಾದ ಸುಳಿವು ಅದರಲ್ಲೇ ಇರುವುದರಿಂದ, ಗಾಬರಿಯಲ್ಲಿ ಅದನ್ನು ಅಳಿಸಿಹಾಕುವುದು ವರ್ತಕ ತನಗೇ ಮಾಡಿಕೊಳ್ಳುವ ಮೊದಲ ನಷ್ಟ.

ಈ ಬಗೆಯ ಸುಲಿಗೆ ಹೊಸದಲ್ಲ. 1989ರಲ್ಲಿ ಜೋಸೆಫ್ ಪಾಪ್ ಎಂಬವನು ಏಡ್ಸ್ ರೋಗದ ಮಾಹಿತಿಯ ಹೆಸರಿನಲ್ಲಿ ಅಂಚೆಯ ಮೂಲಕ ಹಂಚಿದ ಫ್ಲಾಪಿಗಳು ಕಡತಗಳ ಹೆಸರುಗಳನ್ನು ಗೂಢಗೊಳಿಸಿ, ಪನಾಮದ ಅಂಚೆಪೆಟ್ಟಿಗೆಯೊಂದಕ್ಕೆ 189 ಡಾಲರ್ ಕಳುಹಿಸುವಂತೆ ಕೇಳುತ್ತಿದ್ದವು. ಅದು ಬೆಳೆಯಲು ಎರಡು ಸಂಗತಿಗಳು ಬೇಕಾದವು: ಬಿಡಿಸಲಾಗದಷ್ಟು ಬಲವಾದ ಗೂಢಲಿಪಿ ಒಂದು, ಪಡೆದವನ ಹೆಸರು ಸುಲಭವಾಗಿ ಹೊರಬೀಳದ ಬಿಟ್‌ಕಾಯಿನ್ ಪಾವತಿ ಇನ್ನೊಂದು. 2013ರ ಕ್ರಿಪ್ಟೋಲಾಕರ್ ಇವೆರಡನ್ನೂ ಜೋಡಿಸಿ ಯಶಸ್ಸು ಕಂಡಿತು. 2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ 300 ಡಾಲರಿನ ಬೇಡಿಕೆಯೊಡನೆ ರ‍್ಯಾನ್ಸಮ್‌ವೇರ್ ಎಂಬ ಹೆಸರನ್ನು ಮನೆಮಾತಾಗಿಸಿತು. ಆದರೆ ಪತ್ರಿಕೆಗಳ ಮುಖಪುಟಕ್ಕೆ ಬರುವ ಆಸ್ಪತ್ರೆ, ಬ್ಯಾಂಕುಗಳ ಮೇಲಿನ ದಾಳಿಗಳಿಗೂ ಒಂದು ಅಂಗಡಿಯ ಕಂಪ್ಯೂಟರಿಗೆ ತಗಲುವ ಪಿಡುಗಿಗೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ. ದೊಡ್ಡ ಸಂಸ್ಥೆಗಳನ್ನು ತಂಡಗಳು ಆಯ್ದುಕೊಂಡು ಹೊಂಚುಹಾಕಿ ಒಳಹೊಗುತ್ತವೆ. ಸಣ್ಣ ವರ್ತಕನನ್ನು ಯಾರೂ ಆಯ್ದುಕೊಂಡಿರುವುದಿಲ್ಲ, ಅವನೇ ಇಳಿಸಿಕೊಂಡ ಯಾವುದೋ ತಂತ್ರಾಂಶದೊಡನೆ ಅದು ಬಂದಿರುತ್ತದೆ. ಹೀಗೆ ಬರುವವುಗಳಲ್ಲಿ ತುಂಬ ವ್ಯಾಪಕವಾದದ್ದು ಸ್ಟಾಪ್ ಅಥವಾ ಜೇವು ಎಂದು ಕರೆಯಲಾಗುವ ಕುಟುಂಬ. ತಜ್ಞರು ಇದನ್ನು `STOP/Djvu` ಎಂದು ಬರೆಯುತ್ತಾರೆ. ಈ ಲೇಖನ ಮುಖ್ಯವಾಗಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತದೆ.

ಎಚ್ಚರಿಕೆ ಯಾವ ಬಗೆಯದು

ಪರದೆಯ ಮೇಲೆ ಕಂಡದ್ದು ನಿಜವಾದ ಬೇಡಿಕೆಯ ಚೀಟಿಯೇ ಎಂಬುದನ್ನು ಮೊದಲು ತಿಳಿಯಬೇಕು, ಏಕೆಂದರೆ ನೋಡಲು ಒಂದೇ ತೆರನಾದ ಭಯ ಹುಟ್ಟಿಸುವ ಮೂರು ಬೇರೆ ಬೇರೆ ಸಂಗತಿಗಳು ಇಲ್ಲಿ ಗೊಂದಲಗೊಳ್ಳುತ್ತವೆ.

ಬ್ರೌಸರ್ ತೆರೆದಿರುವಾಗ ಇಡೀ ಪರದೆಯನ್ನು ಆವರಿಸಿ, ಜೋರಾಗಿ ಸದ್ದು ಮಾಡುತ್ತ, ಕಂಪ್ಯೂಟರಿಗೆ ವೈರಸ್ ತಗಲಿದೆ, ಕೂಡಲೇ ಈ ದೂರವಾಣಿ ಸಂಖ್ಯೆಗೆ ಕರೆಮಾಡಿ ಎನ್ನುವ ಪುಟವು ಶುದ್ಧ ವಂಚನೆ. ಅದು ಒಂದು ಜಾಲಪುಟವೇ ಹೊರತು ಕಂಪ್ಯೂಟರಿನ ಒಳಗೆ ಏನನ್ನೂ ಮಾಡಿರುವುದಿಲ್ಲ. `Ctrl`, `Shift` ಮತ್ತು `Esc` ಗುಂಡಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಚ್ಚಿದರೆ ಅದು ಹೋಗುತ್ತದೆ. ಅಪಾಯವಿರುವುದು ಆ ಸಂಖ್ಯೆಗೆ ಕರೆಮಾಡಿ, ಅತ್ತಲಿನವರು ಹೇಳಿದಂತೆ ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶವನ್ನು ಹಾಕಿಕೊಳ್ಳುವುದರಲ್ಲಿ. ಎರಡನೆಯದು ವಿಂಡೋಸ್‌ನ ಡಿಫೆಂಡರ್ ಅಥವಾ ಬೇರೆ ಆ್ಯಂಟಿವೈರಸ್ ಪರದೆಯ ಮೂಲೆಯಲ್ಲಿ ತೋರಿಸುವ ಸೂಚನೆ. `Ransom:Win32` ಎಂದು ಆರಂಭವಾಗುವ ಹೆಸರಿನೊಡನೆ ಕಡತವೊಂದನ್ನು ತಡೆಯಲಾಗಿದೆ ಎಂದು ಅದು ಹೇಳಿದರೆ, ದುಷ್ಟ ತಂತ್ರಾಂಶ ಬಾಗಿಲವರೆಗೆ ಬಂದಿತ್ತು ಎಂದರ್ಥ. ಕೆಲಸ ಆರಂಭಿಸುವ ಮುನ್ನವೇ ಅದು ಸಿಕ್ಕಿಬಿತ್ತೇ, ಅರ್ಧದಲ್ಲಿ ಸಿಕ್ಕಿಬಿತ್ತೇ ಎಂಬುದನ್ನು ಕಡತಗಳನ್ನು ತೆರೆದು ನೋಡಿಯೇ ತಿಳಿಯಬೇಕು.

ಮೂರನೆಯದೇ ನಿಜವಾದ ಚೀಟಿ. ಜೇವು ಕುಟುಂಬದಲ್ಲಿ ಅದು ಪ್ರತಿಯೊಂದು ಫೋಲ್ಡರಿನಲ್ಲೂ `_readme.txt` ಎಂಬ ಸಾದಾ ಅಕ್ಷರಕಡತವಾಗಿ ಕುಳಿತಿರುತ್ತದೆ. ಕೆಂಪು ಪರದೆಯಾಗಲಿ ತಲೆಬುರುಡೆಯ ಚಿತ್ರವಾಗಲಿ ಇರುವುದಿಲ್ಲ. ಅದಕ್ಕಿಂತ ಖಚಿತವಾದ ಗುರುತು ಕಡತಗಳ ಹೆಸರಿನಲ್ಲಿದೆ. ಈ ಕುಟುಂಬ ಪ್ರತಿ ಕಡತದ ಕೊನೆಗೂ ಸಾಮಾನ್ಯವಾಗಿ ನಾಲ್ಕಕ್ಷರದ ಹೊಸ ಬಾಲವೊಂದನ್ನು ಅಂಟಿಸುತ್ತದೆ. ನಿನ್ನೆಯವರೆಗೆ `bill-2021.xlsx` ಆಗಿದ್ದದ್ದು ಈಗ ಹೀಗೆ ಕಾಣುತ್ತದೆ:

```
bill-2021.xlsx.moqs
```

ಕೊನೆಯ ಬಾಲವನ್ನು ಅಳಿಸಿ ಹಳೆಯ ಹೆಸರನ್ನೇ ಕೊಟ್ಟರೂ ಎಕ್ಸೆಲ್ ಅದನ್ನು ತೆರೆಯುವುದಿಲ್ಲ, ಏಕೆಂದರೆ ಬದಲಾಗಿರುವುದು ಹೆಸರಷ್ಟೇ ಅಲ್ಲ, ಒಳಗಿನ ಅಂಶವೂ ಹೌದು. ಬಾಲದ ಅಕ್ಷರಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ನೂರಾರು ಬಾಲಗಳು ದಾಖಲಾಗಿದ್ದು, ಯಾವ ಆವೃತ್ತಿ ಎಂಬುದನ್ನು ತಜ್ಞರು ಗುರುತಿಸುವುದು ಇದರಿಂದಲೇ.

ಒಳಗೆ ನಡೆದದ್ದು

ಜೇವು ಒಳಬರುವ ಹಾದಿ ಬಹುತೇಕ ಒಂದೇ: ಹಣ ಕೊಡದೆ ಪಡೆಯಲು ಹೊರಟ ತಂತ್ರಾಂಶ. ವಿಂಡೋಸ್ ಮತ್ತು ಆಫೀಸ್‌ಗೆ ಪರವಾನಗಿ ಇರುವಂತೆ ತೋರಿಸುವ ಆ್ಯಕ್ಟಿವೇಟರ್‌ಗಳು, ಲೆಕ್ಕಪತ್ರದ ಅಥವಾ ವಿನ್ಯಾಸದ ತಂತ್ರಾಂಶಗಳ ಕ್ರ್ಯಾಕ್ ಪ್ರತಿಗಳು, ಕೀಲಿಸಂಖ್ಯೆ ಹುಟ್ಟಿಸುವ ಪುಟ್ಟ ತಂತ್ರಾಂಶಗಳು ಇದರ ವಾಹನಗಳು. ಇಂಥವನ್ನು ಹಾಕುವಾಗ ಆ್ಯಂಟಿವೈರಸನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು ಎಂಬ ಸೂಚನೆ ಜೊತೆಗೇ ಇರುತ್ತದೆ. ಬದಲಾವಣೆಗೆ ಅನುಮತಿ ಇದೆಯೇ ಎಂದು ವಿಂಡೋಸ್ ಕೇಳಿದಾಗ ಬಳಕೆದಾರ ಹೌದು ಎಂದು ಒತ್ತಿಬಿಡುತ್ತಾನೆ. ಕಾವಲನ್ನು ತಾನೇ ಸರಿಸಿ, ಆಡಳಿತಾಧಿಕಾರವನ್ನು ತಾನೇ ಒಪ್ಪಿಸಿದ ಮೇಲೆ ದಾಳಿಕಾರನಿಗೆ ಜಾಣತನದ ಅಗತ್ಯವೇ ಉಳಿಯುವುದಿಲ್ಲ. ಅಂಗಡಿಗೆ ಕಂಪ್ಯೂಟರ್ ಕೊಡುವಾಗಲೇ ನಕಲಿ ವಿಂಡೋಸ್ ಹಾಕಿಕೊಡುವ ಪದ್ಧತಿ ನಮ್ಮ ಪೇಟೆಗಳಲ್ಲಿ ಇನ್ನೂ ಇರುವುದರಿಂದ, ಈ ಹಾದಿಯನ್ನು ತೆರೆದವನು ವರ್ತಕನೇ ಆಗಿರಬೇಕೆಂದಿಲ್ಲ ಎಂಬುದನ್ನೂ ಹೇಳಬೇಕು.

ಒಳಹೊಕ್ಕ ತಂತ್ರಾಂಶ ಮೊದಲು ಕಂಪ್ಯೂಟರ್ ಯಾವ ದೇಶದಲ್ಲಿದೆ ಎಂದು ನೋಡಿಕೊಳ್ಳುತ್ತದೆ. ರಷ್ಯಾ ಮತ್ತು ಅದರ ಸುತ್ತಲಿನ ಕೆಲವು ದೇಶಗಳಲ್ಲಿದ್ದರೆ ಸುಮ್ಮನಾಗುತ್ತದೆ; ಆ ಪಟ್ಟಿಯಲ್ಲಿ ಭಾರತವಿಲ್ಲ. ಬಳಿಕ ತನ್ನ ಯಜಮಾನರ ಸರ್ವರನ್ನು ಸಂಪರ್ಕಿಸಿ ಆ ಕಂಪ್ಯೂಟರಿಗೆಂದೇ ಒಂದು ಕೀಲಿಯನ್ನು ತರಿಸಿಕೊಂಡು ಗೂಢಲಿಪೀಕರಣವನ್ನು ಆರಂಭಿಸುತ್ತದೆ. ಕೆಲವು ಆವೃತ್ತಿಗಳು ಈ ಹೊತ್ತಿನಲ್ಲಿ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ ಎಂಬ ನಕಲಿ ಕಿಟಕಿಯನ್ನು ತೋರಿಸಿ, ಡಿಸ್ಕ್ ಜೋರಾಗಿ ಓಡುತ್ತಿರುವುದಕ್ಕೆ ಕಾರಣ ಅದೇ ಎಂದು ನಂಬಿಸುತ್ತವೆ. ವಿಂಡೋಸ್ ತಾನಾಗಿ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು ಅಳಿಸಲು ಈ ಒಂದು ಸಾಲಿನ ಆಜ್ಞೆ ಸಾಕಾಗುತ್ತದೆ:

```
vssadmin.exe Delete Shadows /All /Quiet
```

ಕೊನೆಯ ಪದದ ಅರ್ಥ ಸದ್ದಿಲ್ಲದೆ ಎಂದು. ಅಳಿಸಲೇ ಎಂಬ ಪ್ರಶ್ನೆ ಪರದೆಯ ಮೇಲೆ ಬರುವುದೇ ಇಲ್ಲ. ಇದರೊಡನೆ `C:\Windows\System32\drivers\etc\hosts` ಎಂಬ ಕಡತದಲ್ಲಿ ಸಾಲುಗಳನ್ನು ಸೇರಿಸಿ, ಸಹಾಯ ಸಿಗಬಹುದಾದ ಭದ್ರತಾ ಜಾಲತಾಣಗಳು ಆ ಕಂಪ್ಯೂಟರಿನಲ್ಲಿ ತೆರೆಯದಂತೆ ಮಾಡುತ್ತದೆ. ವರ್ತಕನಿಗೆ ಮುಖ್ಯವಾದ ಮತ್ತೊಂದು ಏರ್ಪಾಟೆಂದರೆ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿ `Time Trigger Task` ಎಂಬ ಹೆಸರಿನ ಕೆಲಸವೊಂದನ್ನು ನೋಂದಾಯಿಸಿ, ಐದೈದು ನಿಮಿಷಕ್ಕೊಮ್ಮೆ ತಾನು ಮತ್ತೆ ಓಡುವಂತೆ ನೋಡಿಕೊಳ್ಳುವುದು. ಚೀಟಿ ಕಂಡಿತು, ಆಗುವುದೆಲ್ಲ ಆಗಿಹೋಯಿತು ಎಂದು ಭಾವಿಸಿ ಬ್ಯಾಕಪ್ ಸರಿಯಾಗಿದೆಯೇ ಎಂದು ನೋಡಲು ಹೊರಗಿನ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಚುಚ್ಚಿದರೆ, ಮುಂದಿನ ಸುತ್ತಿನಲ್ಲಿ ಆ ಡಿಸ್ಕಿನ ಕಡತಗಳಿಗೂ ನಾಲ್ಕಕ್ಷರದ ಬಾಲ ಬರುತ್ತದೆ. ಉಳಿದಿದ್ದ ಏಕೈಕ ಪ್ರತಿಯನ್ನು ಹೀಗೆ ಕಳೆದುಕೊಂಡರೆ ಆಗುವ ನಷ್ಟ ಮೊದಲ ದಾಳಿಯದಕ್ಕಿಂತ ದೊಡ್ಡದು.

ಚೀಟಿಯನ್ನು ಓದುವ ಬಗೆ

`_readme.txt` ಇಂಗ್ಲಿಷಿನಲ್ಲಿ ಬರೆದ ಚಿಕ್ಕ ಪತ್ರ. `ATTENTION!` ಎಂದು ಆರಂಭವಾಗಿ, ಚಿಂತೆ ಬೇಡ, ಕಡತಗಳನ್ನೆಲ್ಲ ಹಿಂದಕ್ಕೆ ಪಡೆಯಬಹುದು ಎಂದು ಸಮಾಧಾನ ಹೇಳುತ್ತದೆ. ಬಹುಕಾಲ ಚಾಲ್ತಿಯಲ್ಲಿದ್ದ ಪತ್ರದಲ್ಲಿ ಬೆಲೆ 980 ಡಾಲರ್ ಎಂದೂ, ಮೊದಲ 72 ಗಂಟೆಗಳಲ್ಲಿ ಸಂಪರ್ಕಿಸಿದವರಿಗೆ ಅರ್ಧ ರಿಯಾಯಿತಿಯಿಂದ 490 ಡಾಲರ್ ಎಂದೂ ಇರುತ್ತದೆ. ಈ ಮೂರು ದಿನಗಳ ಗಡುವು ಕಡತಗಳ ಆಯುಷ್ಯಕ್ಕೆ ಸಂಬಂಧಿಸಿದ್ದಲ್ಲ. ಗಡುವು ಮೀರಿದರೆ ಕಡತಗಳು ನಾಶವಾಗುತ್ತವೆ ಎಂದು ಪತ್ರವೂ ಹೇಳುವುದಿಲ್ಲ. ವಿಚಾರಿಸಲು, ಬೇರೆಯವರನ್ನು ಕೇಳಲು ಸಮಯ ಸಿಗದಿರಲಿ ಎಂಬುದೊಂದೇ ಅದರ ಉದ್ದೇಶ. ಒಂದು ಕಡತವನ್ನು ಕಳುಹಿಸಿದರೆ ಪುಕ್ಕಟೆ ಬಿಡಿಸಿಕೊಡುತ್ತೇವೆ, ಆದರೆ ಅದರಲ್ಲಿ ಬೆಲೆಬಾಳುವ ಮಾಹಿತಿ ಇರಬಾರದು ಎಂಬ ಷರತ್ತೂ ಪತ್ರದಲ್ಲಿದೆ. ಕೀಲಿ ತಮ್ಮ ಬಳಿ ಇದೆ ಎಂದು ನಂಬಿಸಲು ಮಾಡಿದ ಈ ಏರ್ಪಾಟು ಹಣ ಕೊಟ್ಟ ಮೇಲೆ ಕೀಲಿ ಕೊಡುತ್ತಾರೆ ಎಂಬುದಕ್ಕೆ ಆಧಾರವಾಗುವುದಿಲ್ಲ.

ವರ್ತಕನಿಗೆ ನಿಜವಾಗಿ ಬೇಕಾದದ್ದು ಪತ್ರದ ಕೊನೆಯ ಸಾಲು. `Your personal ID:` ಎಂಬ ಶೀರ್ಷಿಕೆಯ ಕೆಳಗೆ ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸರಣಿಯೊಂದಿರುತ್ತದೆ. ಅದು ಯಾವ ಬಗೆಯ ಕೀಲಿ ಬಳಕೆಯಾಗಿದೆ ಎಂಬುದನ್ನು ಬಿಟ್ಟುಕೊಡುತ್ತದೆ. ಇದನ್ನು ತಿಳಿಯಲು ಕೀಲಿಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಆಧುನಿಕ ಗೂಢಲಿಪಿಯಲ್ಲಿ ಮುಚ್ಚುವುದಕ್ಕೆ ಒಂದು ಕೀಲಿ, ತೆರೆಯುವುದಕ್ಕೆ ಇನ್ನೊಂದು ಕೀಲಿ ಇರುವ ಪದ್ಧತಿಯುಂಟು. ಒತ್ತಿದರೆ ಯಾರ ಕೈಯಲ್ಲಾದರೂ ಮುಚ್ಚಿಕೊಳ್ಳುವ ಆದರೆ ಬೀಗದಕೈ ಇದ್ದವನಿಗೆ ಮಾತ್ರ ತೆರೆಯುವ ಬೀಗದಂತೆ, ಮುಚ್ಚುವ ಕೀಲಿ ವರ್ತಕನ ಕಂಪ್ಯೂಟರಿಗೆ ಬಂದರೂ ತೆರೆಯುವ ಕೀಲಿ ದಾಳಿಕಾರರ ಬಳಿಯೇ ಉಳಿಯುತ್ತದೆ. 2048 ಬಿಟ್‌ಗಳ ಆರ್‌ಎಸ್‌ಎ ಪದ್ಧತಿಯಲ್ಲಿ ಮುಚ್ಚುವ ಕೀಲಿಯಿಂದ ತೆರೆಯುವ ಕೀಲಿಯನ್ನು ಲೆಕ್ಕಹಾಕಿ ಕಂಡುಹಿಡಿಯುವುದು ಇಂದಿನ ಯಾವ ಕಂಪ್ಯೂಟರಿನಿಂದಲೂ ಆಗುವ ಕೆಲಸವಲ್ಲ. ತಾನು ಅದನ್ನು ಮುರಿಯಬಲ್ಲೆ ಎಂದು ಹೇಳುವ ರಿಪೇರಿ ಅಂಗಡಿಯನ್ನು ನಂಬಬಾರದು.

ಆದರೆ ಜೇವು ಕೆಲಸ ಆರಂಭಿಸುವಾಗ ಇಂಟರ್‌ನೆಟ್ ಕಡಿದುಹೋಗಿದ್ದರೆ ಅಥವಾ ಯಜಮಾನರ ಸರ್ವರ್ ಉತ್ತರಿಸದಿದ್ದರೆ, ಅದು ತನ್ನ ಒಡಲಲ್ಲೇ ಹೊತ್ತುತಂದ ಒಂದು ಸಿದ್ಧ ಕೀಲಿಯನ್ನು ಬಳಸುತ್ತದೆ. ಸರ್ವರಿನಿಂದ ತರಿಸಿಕೊಂಡ ಕೀಲಿಯನ್ನು ಆನ್‌ಲೈನ್ ಕೀಲಿ ಎನ್ನುತ್ತಾರೆ, ಇದನ್ನು ಆಫ್‌ಲೈನ್ ಕೀಲಿ ಎನ್ನುತ್ತಾರೆ. ಆನ್‌ಲೈನ್ ಕೀಲಿ ಒಂದು ಕಂಪ್ಯೂಟರಿಗೆ ಮಾತ್ರ ಸೇರಿದ್ದು. ಆಫ್‌ಲೈನ್ ಕೀಲಿಯಾದರೋ ಆ ಆವೃತ್ತಿಗೆ ಸಿಕ್ಕಿ, ಸಂಪರ್ಕವಿಲ್ಲದೆ ಗೂಢಗೊಂಡ ಎಲ್ಲ ಕಂಪ್ಯೂಟರುಗಳಿಗೂ ಒಂದೇ. ಆದ್ದರಿಂದ ಬೇರೆ ಯಾವುದೋ ಊರಿನಲ್ಲಿ ಒಬ್ಬನು ಹಣ ಕೊಟ್ಟು ಪಡೆದ ಕೀಲಿಯನ್ನು ಸಂಶೋಧಕರಿಗೆ ಒಪ್ಪಿಸಿದರೆ ಅದೇ ಕೀಲಿ ಉಳಿದವರ ಕಡತಗಳನ್ನೂ ತೆರೆಯುತ್ತದೆ. ಪತ್ರದಲ್ಲಿನ ಗುರುತು `t1` ಎಂಬ ಎರಡಕ್ಷರಗಳಿಂದ ಕೊನೆಗೊಂಡರೆ ಬಳಕೆಯಾಗಿರುವುದು ಆಫ್‌ಲೈನ್ ಕೀಲಿ. ಹಾಗಿಲ್ಲದಿದ್ದರೆ ಆನ್‌ಲೈನ್ ಕೀಲಿ.

`C:\SystemID\PersonalID.txt` ಎಂಬ ಕಡತದಲ್ಲೂ ಇದೇ ಗುರುತು ದಾಖಲಾಗಿರುತ್ತದೆ. ಜೇವು ಐದು ನಿಮಿಷಕ್ಕೊಮ್ಮೆ ಎದ್ದು ಓಡುವುದರಿಂದ, ಒಂದು ಸುತ್ತು ಸಂಪರ್ಕವಿದ್ದಾಗಲೂ ಮತ್ತೊಂದು ಸುತ್ತು ಇಲ್ಲದಾಗಲೂ ನಡೆದಿದ್ದರೆ ಅಲ್ಲಿ ಒಂದಕ್ಕಿಂತ ಹೆಚ್ಚು ಗುರುತುಗಳು ಸಿಗುತ್ತವೆ. ಆಗ ಒಂದೇ ಡಿಸ್ಕಿನ ಕೆಲವು ಕಡತಗಳು ತೆರೆದು ಉಳಿದವು ತೆರೆಯದೆ ಹೋಗುವುದುಂಟು.

ಒಂದು ಅಂಗಡಿಯ ನಿದರ್ಶನ

ಒಂದು ಹಾರ್ಡ್‌ವೇರ್ ಅಂಗಡಿಯನ್ನು ಊಹಿಸಿಕೊಂಡರೆ ಈ ಮಾತುಗಳೆಲ್ಲ ಒಂದೆಡೆ ಕೂಡುತ್ತವೆ. ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ಟ್ಯಾಲಿ ಇದೆ, ಗಲ್ಲಾದ ಬಳಿಯ ಬಿಲ್ಲಿಂಗ್ ಕಂಪ್ಯೂಟರ್ ಅದರ ಒಂದು ಫೋಲ್ಡರನ್ನು ಹಂಚಿಕೊಂಡಿದೆ. ಲೆಕ್ಕ ಬರೆಯುವ ಹುಡುಗ ಪಿಡಿಎಫ್ ತಿದ್ದಲೆಂದು ಕ್ರ್ಯಾಕ್ ಮಾಡಿದ ತಂತ್ರಾಂಶವೊಂದನ್ನು ಸಂಜೆ ಹಾಕಿದ್ದಾನೆ. ಮರುದಿನ ಬೆಳಿಗ್ಗೆ ಟ್ಯಾಲಿ ತನ್ನ ಕಂಪನಿಯನ್ನು ಕಾಣುತ್ತಿಲ್ಲ, ಅದರ ದತ್ತಾಂಶದ ಫೋಲ್ಡರಿನಲ್ಲಿದ್ದ `Company.1800` ಎಂಬ ಕಡತದ ಹೆಸರಿಗೆ `.moqs` ಸೇರಿದೆ, ಡೆಸ್ಕ್‌ಟಾಪಿನಲ್ಲಿ `_readme.txt` ಇದೆ.

ಇಲ್ಲಿ ಮೊದಲು ಮಾಡಬೇಕಾದದ್ದು ಎರಡೂ ಕಂಪ್ಯೂಟರುಗಳ ನೆಟ್‌ವರ್ಕ್ ತಂತಿಯನ್ನು ಕಿತ್ತು, ವೈಫೈ ನಿಲ್ಲಿಸಿ, ಚುಚ್ಚಿರುವ ಪೆನ್‌ಡ್ರೈವ್ ಮತ್ತು ಡಿಸ್ಕುಗಳನ್ನು ಹೊರತೆಗೆಯುವುದು. ಕಡತಗಳ ಹೆಸರುಗಳು ಕಣ್ಣೆದುರೇ ಒಂದೊಂದಾಗಿ ಬದಲಾಗುತ್ತಿದ್ದರೆ ಕಂಪ್ಯೂಟರಿನ ವಿದ್ಯುತ್ತನ್ನೇ ಕಡಿಯುವುದು ಲೇಸು, ಉಳಿದ ಕಡತಗಳಾದರೂ ಉಳಿಯುತ್ತವೆ. ನಂತರ ಚೀಟಿಯ ಮತ್ತು ಬಾಲ ಬಂದ ಕೆಲವು ಕಡತಗಳ ಹೆಸರಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು.

ಎರಡನೆಯ ಹೆಜ್ಜೆಯಲ್ಲಿ ತಪ್ಪುಗಳಾಗುವುದು ಹೆಚ್ಚು. ಕಂಪ್ಯೂಟರ್ ರಿಪೇರಿಯವನು ಬಂದರೆ ಬಹುತೇಕ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಬಿಡುತ್ತಾನೆ. ಅಂಗಡಿ ಅಂದೇ ನಡೆಯತೊಡಗುತ್ತದೆ ನಿಜ, ಆದರೆ ಗೂಢಗೊಂಡ ಕಡತಗಳೂ ಗುರುತಿನ ಸಂಖ್ಯೆಯೂ ಒಟ್ಟಿಗೆ ಅಳಿದುಹೋಗಿ, ನಾಳೆ ಕೀಲಿ ಸಿಕ್ಕರೂ ತೆರೆಯಲು ಏನೂ ಉಳಿದಿರುವುದಿಲ್ಲ. ಸರಿಯಾದ ಕ್ರಮವೆಂದರೆ ಆ ಕಂಪ್ಯೂಟರಿನ ಡಿಸ್ಕನ್ನೇ ಬಿಚ್ಚಿ ಎತ್ತಿಟ್ಟು, ಬೇರೆ ಡಿಸ್ಕ್ ಹಾಕಿ ಅಂಗಡಿ ನಡೆಸುವುದು. ಅದಾಗದಿದ್ದರೆ, ದುಷ್ಟ ತಂತ್ರಾಂಶವನ್ನು ಆ್ಯಂಟಿವೈರಸ್‌ನಿಂದ ತೆಗೆಸಿದ ಮೇಲೆ, ಗೂಢಗೊಂಡ ಕಡತಗಳು, ಒಂದು `_readme.txt` ಮತ್ತು `PersonalID.txt` ಇಷ್ಟನ್ನೂ ಖಾಲಿ ಡಿಸ್ಕಿಗೆ ನಕಲಿಸಿಟ್ಟುಕೊಂಡು ಬಳಿಕ ಫಾರ್ಮ್ಯಾಟ್ ಮಾಡಬೇಕು. ಆ್ಯಂಟಿವೈರಸ್ ಕಳ್ಳನನ್ನು ಹೊರಹಾಕುತ್ತದೆಯೇ ಹೊರತು ಅವನು ಹಾಕಿದ ಬೀಗವನ್ನು ತೆರೆಯುವುದಿಲ್ಲ ಎಂಬುದು ವರ್ತಕನಿಗೆ ಸ್ಪಷ್ಟವಾಗಿರಬೇಕು.

ಬೇರೊಂದು ಕಂಪ್ಯೂಟರಿನಿಂದ, ಡಚ್ ಪೊಲೀಸರು ಮತ್ತು ಯುರೋಪೋಲ್ ಭದ್ರತಾ ಕಂಪನಿಗಳೊಡನೆ ಸೇರಿ 2016ರಲ್ಲಿ ಆರಂಭಿಸಿದ `nomoreransom.org` ತಾಣಕ್ಕೆ ಹೋದರೆ, ಚೀಟಿಯನ್ನೂ ಒಂದು ಗೂಢ ಕಡತವನ್ನೂ ಕೊಟ್ಟು ಕುಟುಂಬ ಯಾವುದೆಂದು ಪರೀಕ್ಷಿಸಬಹುದು. ಜೇವುವಿಗೆ ಎಮ್ಸಿಸಾಫ್ಟ್ ಎಂಬ ಕಂಪನಿ 2019ರ ಅಕ್ಟೋಬರಿನಲ್ಲಿ ಉಚಿತ ಬಿಡುಗಡೆ ತಂತ್ರಾಂಶವನ್ನು ಹೊರತಂದಿತು. ಅದು ಅಂದಿನವರೆಗಿನ 148 ಆವೃತ್ತಿಗಳಿಗೆ ಅನ್ವಯಿಸಿತು. ಆ ಹಳೆಯ ಆವೃತ್ತಿಗಳ ಗೂಢಲಿಪಿಯಲ್ಲಿ ದೋಷವಿದ್ದುದರಿಂದ, ಒಂದೇ ಕಡತದ ಮೂಲಪ್ರತಿ ಮತ್ತು ಗೂಢಪ್ರತಿ ಎರಡೂ ಸಿಕ್ಕರೆ ಅವನ್ನು ಹೋಲಿಸಿ ಉಳಿದವನ್ನು ಬಿಡಿಸಲು ಸಾಧ್ಯವಿತ್ತು. 2019ರ ಆಗಸ್ಟ್ ಕೊನೆಯ ನಂತರದ ಆವೃತ್ತಿಗಳಲ್ಲಿ ಆ ದೋಷವಿಲ್ಲ. ಆದ್ದರಿಂದ `.moqs` ಕಂಡ ನಮ್ಮ ಅಂಗಡಿಯ ಗುರುತು `t1` ಎಂದು ಕೊನೆಗೊಂಡಿದ್ದರೆ ಮಾತ್ರ ಆಸೆಯಿಟ್ಟುಕೊಳ್ಳಬಹುದು. ಆ ಕೀಲಿ ಇಂದು ಸಿಗದಿದ್ದರೂ ಮುಂದೆ ಸಿಗಬಹುದಾದುದರಿಂದ ಕಡತಗಳನ್ನು ಜೋಪಾನವಾಗಿಟ್ಟು ಕೆಲವು ತಿಂಗಳಿಗೊಮ್ಮೆ ಅದೇ ತಂತ್ರಾಂಶವನ್ನು ಮತ್ತೆ ಓಡಿಸಿ ನೋಡಬೇಕು. `t1` ಇಲ್ಲದಿದ್ದರೆ ಬಿಡಿಸುವ ಪ್ರಯತ್ನದಲ್ಲಿ ಹಣ ಕಳೆಯದೆ ಬೇರೆ ಮೂಲಗಳಿಂದ ಲೆಕ್ಕವನ್ನು ಕಟ್ಟಿಕೊಳ್ಳುವ ಕೆಲಸಕ್ಕೆ ಇಳಿಯುವುದೇ ವಿವೇಕ.

ಇಂಟರ್‌ನೆಟ್ಟಿನಲ್ಲಿ ಹುಡುಕಿ ಸಿಕ್ಕ ಬಿಡುಗಡೆ ತಂತ್ರಾಂಶವನ್ನೆಲ್ಲ ಓಡಿಸಬಾರದು. 2020ರಲ್ಲಿ ಜೋರಾಬ್ ಎಂಬ ಇನ್ನೊಂದು ರ‍್ಯಾನ್ಸಮ್‌ವೇರ್ ಜೇವುವನ್ನು ಬಿಡಿಸುವ ತಂತ್ರಾಂಶದ ವೇಷದಲ್ಲಿಯೇ ಹರಡಿ, ಈಗಾಗಲೇ ನೊಂದವರ ಕಡತಗಳಿಗೆ ಎರಡನೆಯ ಬೀಗ ಹಾಕಿತು.

ಕೀಲಿಯಿಲ್ಲದೆ ಮರಳಿ ಪಡೆಯಬಹುದಾದದ್ದು

ಜೇವು ವೇಗಕ್ಕಾಗಿ ಪ್ರತಿ ಕಡತದ ಮೊದಲ 150 ಕಿಲೋಬೈಟುಗಳನ್ನಷ್ಟೇ ಗೂಢಗೊಳಿಸುತ್ತದೆ. ಬಿಲ್ಲಿನ ಪಿಡಿಎಫ್, ಚಿಕ್ಕ ಎಕ್ಸೆಲ್ ಕಡತಗಳು ಅಷ್ಟಕ್ಕಿಂತ ಚಿಕ್ಕವಾಗಿರುವುದರಿಂದ ಪೂರ್ತಿ ಹೋಗುತ್ತವೆ. ಆದರೆ ದೊಡ್ಡ ಜಿಪ್ ಕಡತದಲ್ಲಿ ಆರಂಭದ ಭಾಗ ಮಾತ್ರ ಕೆಟ್ಟು, ಒಳಗಿನ ಪಟ್ಟಿ ಕಡತದ ಕೊನೆಯಲ್ಲಿ ಇರುವುದರಿಂದ, ಬಾಲ ಬಂದ ಜಿಪ್‌ನ ಒಂದು ನಕಲನ್ನು ಮಾಡಿ, ಹೆಸರು ಸರಿಪಡಿಸಿ, ಸೆವೆನ್‌ಜಿಪ್‌ನಲ್ಲಿ ತೆರೆದರೆ ಮೊದಲ ಒಂದೆರಡು ಕಡತಗಳನ್ನು ಬಿಟ್ಟು ಉಳಿದವು ಹೊರಬರುವ ಸಾಧ್ಯತೆ ಚೆನ್ನಾಗಿದೆ. ವರ್ಷದ ಲೆಕ್ಕವನ್ನು ಜಿಪ್ ಮಾಡಿಟ್ಟುಕೊಂಡ ವರ್ತಕನಿಗೆ ಇದು ದೊಡ್ಡ ಉಪಕಾರ. ದೊಡ್ಡ ವಿಡಿಯೊಗಳನ್ನೂ ದುರಸ್ತಿ ತಂತ್ರಾಂಶಗಳಿಂದ ಬಹುಮಟ್ಟಿಗೆ ಉಳಿಸಬಹುದು. ಟ್ಯಾಲಿಯಂಥ ದತ್ತಾಂಶ ಕಡತಗಳಲ್ಲಿ ತಲೆಭಾಗವೇ ಉಳಿದದ್ದನ್ನು ಹುಡುಕಲು ದಾರಿಯಾದ್ದರಿಂದ ಅಷ್ಟು ಭರವಸೆ ಇಟ್ಟುಕೊಳ್ಳುವಂತಿಲ್ಲ.

ಕಡತಗಳು ಗೂಗಲ್ ಡ್ರೈವ್‌ಗೆ ತಾವಾಗಿ ನಕಲಾಗುತ್ತಿದ್ದರೆ ಗೂಢಗೊಂಡ ರೂಪವೂ ಅಲ್ಲಿಗೆ ಹೋಗಿರುತ್ತದೆ. ಆದರೆ ಬದಲಾದ ಕಡತಗಳ ಹಳೆಯ ರೂಪವನ್ನೂ ಅಳಿಸಿದ ಕಡತಗಳನ್ನೂ ಅಲ್ಲಿ ಸಾಮಾನ್ಯವಾಗಿ 30 ದಿನಗಳವರೆಗೆ ಉಳಿಸಿಕೊಳ್ಳುವುದರಿಂದ, ಬೇರೆ ಸಾಧನದಿಂದ ಲಾಗಿನ್ ಆಗಿ ಹಿಂದಿನ ರೂಪವನ್ನು ಪಡೆಯಲು ಅವಕಾಶವಿದೆ. ಚೀಟಿಯ 72 ಗಂಟೆಗಳಿಗಿಂತ ವರ್ತಕ ಹೆಚ್ಚು ಗಮನ ಕೊಡಬೇಕಾದ ಗಡುವು ಈ 30 ದಿನಗಳದು.

ಇನ್ನು ಲೆಕ್ಕದ ಒಂದು ಭಾಗ ಅಂಗಡಿಯ ಹೊರಗೆ ಈಗಾಗಲೇ ಇದೆ. ಜಿಎಸ್‌ಟಿ ತಾಣದಲ್ಲಿ ಸಲ್ಲಿಸಿದ `GSTR-1` ನಮೂನೆಯಿಂದ ನೋಂದಾಯಿತ ಗಿರಾಕಿಗಳಿಗೆ ಕೊಟ್ಟ ಬಿಲ್ಲುಗಳ ಸಂಖ್ಯೆ, ದಿನಾಂಕ, ಮೊತ್ತಗಳು ಸಿಗುತ್ತವೆ. `GSTR-2B` ಪಟ್ಟಿಯಿಂದ ಸರಬರಾಜುದಾರರು ತನಗೆ ಮಾಡಿದ ಬಿಲ್ಲುಗಳು ತಿಳಿಯುತ್ತವೆ. ಬ್ಯಾಂಕಿನ ವಿವರಪಟ್ಟಿ ಮತ್ತು ಇ-ವೇ ಬಿಲ್ಲುಗಳು ಇದಕ್ಕೆ ಜೊತೆಯಾಗುತ್ತವೆ. ಈ ಆಧಾರದ ಮೇಲೆ ಲೆಕ್ಕಪರಿಶೋಧಕರು ಖರೀದಿ ಮತ್ತು ಸಗಟು ಮಾರಾಟವನ್ನು ಬಹುಪಾಲು ಮರುನಿರ್ಮಿಸಬಲ್ಲರು. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕಾಗಿರುವುದರಿಂದ ಈ ಮರುನಿರ್ಮಾಣ ಐಚ್ಛಿಕವೂ ಅಲ್ಲ. ಸಿಗದೇ ಹೋಗುವುದು ಬಿಡಿ ಮಾರಾಟದ ವಿವರ, ದಾಸ್ತಾನಿನ ನಿಖರ ಲೆಕ್ಕ ಮತ್ತು ನೋಂದಣಿಯಿಲ್ಲದ ಗಿರಾಕಿಗಳ ಉದ್ರಿ. ಮೇಸ್ತ್ರಿಗಳಿಗೂ ರೈತರಿಗೂ ಕೊಟ್ಟ ಉದ್ರಿ ಯಾವ ಸರ್ಕಾರಿ ತಾಣದಲ್ಲೂ ದಾಖಲಾಗಿರುವುದಿಲ್ಲ. ಕಂಪ್ಯೂಟರ್ ಬಂದ ಮೇಲೂ ಕೈಬರಹದ ಉದ್ರಿ ಪುಸ್ತಕವನ್ನು ಬಿಡದ ಅಂಗಡಿಗಳು ಈ ಒಂದು ವಿಷಯದಲ್ಲಿ ಬಚಾವಾಗುತ್ತವೆ.

ಚೀಟಿ ಹೇಳದೇ ಉಳಿಸುವ ಸಂಗತಿ

ಜೇವು ಒಂಟಿಯಾಗಿ ಬರುವುದು ಕಡಿಮೆ. ಅದರ ಜೊತೆಗೆ ಅಜೊರಲ್ಟ್, ವಿಡಾರ್, ರೆಡ್‌ಲೈನ್ ಎಂಬ ಹೆಸರಿನ ಮಾಹಿತಿಗಳ್ಳ ತಂತ್ರಾಂಶಗಳು ಬಂದದ್ದು ಮತ್ತೆ ಮತ್ತೆ ಕಂಡುಬಂದಿದೆ. ಇವು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಲಾಗಿನ್ ಆಗಿರುವ ತಾಣಗಳ ಕುಕೀಗಳನ್ನೂ ಸದ್ದಿಲ್ಲದೆ ಕಳುಹಿಸಿಬಿಡುತ್ತವೆ. ವರ್ತಕನ ಗಮನವೆಲ್ಲ ತೆರೆಯದ ಕಡತಗಳ ಮೇಲಿರುವಾಗ, ಅವನ ಇಮೇಲ್, ನೆಟ್‌ಬ್ಯಾಂಕಿಂಗ್ ಮತ್ತು ಜಿಎಸ್‌ಟಿ ಲಾಗಿನ್‌ಗಳು ಬೇರೆಯವರ ಕೈ ಸೇರಿರಬಹುದು. ಆದುದರಿಂದ ನೆಟ್‌ವರ್ಕ್ ಕಡಿದ ಮರುಗಳಿಗೆಯಲ್ಲೇ, ಆ ಕಂಪ್ಯೂಟರಿನಿಂದಲ್ಲದೆ ಮೊಬೈಲಿನಿಂದ, ಮೊದಲು ಇಮೇಲಿನ ಮತ್ತು ಬ್ಯಾಂಕಿನ, ಆಮೇಲೆ ಉಳಿದ ಪಾಸ್‌ವರ್ಡುಗಳನ್ನು ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗೌಟ್ ಆಗುವ ಆಯ್ಕೆಯನ್ನು ಒತ್ತಬೇಕು. ಇಮೇಲ್ ಮೊದಲು ಎನ್ನುವುದಕ್ಕೆ ಕಾರಣ, ಉಳಿದ ಬಹಳಷ್ಟು ತಾಣಗಳ ಪಾಸ್‌ವರ್ಡನ್ನು ಇಮೇಲಿನ ಮೂಲಕವೇ ಬದಲಿಸಲು ಬರುತ್ತದೆ. ಕಡತಗಳೆಲ್ಲ ಬ್ಯಾಕಪ್‌ನಿಂದ ಮರಳಿ ಸಿಕ್ಕ ವರ್ತಕನೂ ಈ ಕೆಲಸವನ್ನು ಬಿಡುವಂತಿಲ್ಲ.

ಹಣ ಮತ್ತು ದೂರು

ಹಣ ಕೊಡುವುದು ತನ್ನ ನಿರ್ಧಾರ ಎಂದು ವರ್ತಕ ಭಾವಿಸಿದರೂ, ಅವನು ಕೊಳ್ಳುತ್ತಿರುವುದು ಭರವಸೆಯನ್ನಷ್ಟೇ. ಬಿಟ್‌ಕಾಯಿನ್‌ನಲ್ಲಿ ಹೋದ ಹಣವನ್ನು ಬ್ಯಾಂಕಿನ ಮೂಲಕ ಹಿಂದಕ್ಕೆ ಪಡೆಯುವ ದಾರಿಯಿಲ್ಲ, ಕೀಲಿ ಕೊಡದಿದ್ದರೆ ಕೇಳಲು ಎದುರಿಗೆ ಯಾರೂ ಇಲ್ಲ. ಮಧ್ಯವರ್ತಿಗಳ ಬಗ್ಗೆಯೂ ಎಚ್ಚರ ಬೇಕು: ದತ್ತಾಂಶವನ್ನು ಮರಳಿ ತಂದುಕೊಡುತ್ತೇವೆ ಎನ್ನುವವರಲ್ಲಿ ಕೆಲವರು ಮಾಡುವುದು ದಾಳಿಕಾರರಿಗೇ ಹಣ ಕೊಟ್ಟು, ತಮ್ಮ ಪಾಲನ್ನು ಸೇರಿಸಿ ವರ್ತಕನಿಂದ ವಸೂಲು ಮಾಡುವುದೇ. ಆನ್‌ಲೈನ್ ಕೀಲಿ ಬಳಕೆಯಾಗಿದೆ ಎಂದು ಗೊತ್ತಿದ್ದ ಮೇಲೂ ಬಿಡಿಸಿಕೊಡುವ ಖಾತರಿ ನೀಡುವವನು ಬೇರೇನು ಮಾಡುತ್ತಾನೆ ಎಂದು ಕೇಳಿಕೊಳ್ಳಬೇಕು.

ದೂರನ್ನು 1930 ಸಂಖ್ಯೆಗೆ ಕರೆಮಾಡಿ ಅಥವಾ `cybercrime.gov.in` ತಾಣದಲ್ಲಿ ದಾಖಲಿಸಬಹುದು. ಕರ್ನಾಟಕದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕದ್ರವ್ಯ ಅಪರಾಧಗಳಿಗೆಂದು ಇರುವ ಸೆನ್ ಪೊಲೀಸ್ ಠಾಣೆಗಳು ಇಂಥ ಪ್ರಕರಣಗಳನ್ನು ನೋಡುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೆಯ ಕಲಮುಗಳಡಿ ಈ ಕೃತ್ಯಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡೂ ಇವೆ. ಕೇಂದ್ರದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ, ರ‍್ಯಾನ್ಸಮ್‌ವೇರ್‌ನಂಥ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ತನಗೆ ತಿಳಿಸಬೇಕೆಂದು ಸಂಸ್ಥೆಗಳಿಗೆ ವಿಧಿಸುತ್ತದೆ. ದಾಳಿಕಾರರು ಹೊರದೇಶದಲ್ಲಿರುವಾಗ ಪೊಲೀಸರು ಕಡತಗಳನ್ನು ಬಿಡಿಸಿಕೊಟ್ಟಾರು ಎಂದು ನಿರೀಕ್ಷಿಸುವಂತಿಲ್ಲ. ಆದರೂ ದೂರಿನ ಪ್ರತಿಯು ಮುಂದೆ ತೆರಿಗೆ ಅಧಿಕಾರಿಗಳು ಲೆಕ್ಕಪುಸ್ತಕ ಕೇಳಿದಾಗ, ಬ್ಯಾಂಕ್ ಖಾತೆಯಿಂದ ಹಣ ಹೋದಾಗ, ವಿಮೆಯಿದ್ದರೆ ಅದರ ಪರಿಹಾರ ಕೇಳುವಾಗ ವರ್ತಕನ ಬಳಿ ಇರುವ ಮುಖ್ಯ ದಾಖಲೆಯಾಗುತ್ತದೆ.

ಅಂಗಡಿಯನ್ನು ಮತ್ತೆ ನಡೆಸುವಾಗ

ಹೊಸದಾಗಿ ಹಾಕುವ ವಿಂಡೋಸ್ ಮೈಕ್ರೋಸಾಫ್ಟ್‌ನಿಂದಲೇ ಇಳಿಸಿಕೊಂಡದ್ದಾಗಿರಬೇಕು, ಅದೇ ಆ್ಯಕ್ಟಿವೇಟರನ್ನು ಮತ್ತೆ ಓಡಿಸಿದರೆ ಮಾಡಿದ ಶ್ರಮವೆಲ್ಲ ವ್ಯರ್ಥ. ದಿನನಿತ್ಯದ ಬಳಕೆಗೆ ಆಡಳಿತಾಧಿಕಾರವಿಲ್ಲದ ಖಾತೆಯನ್ನು ಕೊಟ್ಟು, ವಿಂಡೋಸ್ ಸೆಕ್ಯುರಿಟಿಯಲ್ಲಿರುವ `Controlled folder access` ಎಂಬ ಆಯ್ಕೆಯನ್ನು ಚಾಲೂ ಮಾಡಿ, ಲೆಕ್ಕದ ಫೋಲ್ಡರನ್ನು ಅದರ ಪಟ್ಟಿಗೆ ಸೇರಿಸಿದರೆ, ಅನುಮತಿಯಿಲ್ಲದ ತಂತ್ರಾಂಶ ಅಲ್ಲಿನ ಕಡತಗಳನ್ನು ಬದಲಿಸಲಾರದು. ಆರಂಭದಲ್ಲಿ ಅದು ಲೆಕ್ಕದ ತಂತ್ರಾಂಶವನ್ನೂ ತಡೆಯುವ ಸಂಭವವಿರುವುದರಿಂದ ಅದಕ್ಕೆ ಪ್ರತ್ಯೇಕವಾಗಿ ಅನುಮತಿ ಕೊಡಬೇಕಾಗುತ್ತದೆ.

ಬ್ಯಾಕಪ್‌ಗೆ ಎರಡು ಡಿಸ್ಕುಗಳಿದ್ದು, ಒಂದು ವಾರ ಒಂದಕ್ಕೆ, ಮರುವಾರ ಇನ್ನೊಂದಕ್ಕೆ ನಕಲು ತೆಗೆದು, ಕೆಲಸ ಮುಗಿದೊಡನೆ ಕಿತ್ತು ಅಂಗಡಿಯಿಂದ ಬೇರೆಡೆ ಇಡುವುದು ಸಣ್ಣ ವ್ಯಾಪಾರಕ್ಕೆ ಸಾಕಾಗುತ್ತದೆ. ಸದಾ ಚುಚ್ಚಿಕೊಂಡಿರುವ ಡಿಸ್ಕ್ ರ‍್ಯಾನ್ಸಮ್‌ವೇರ್‌ನ ಕಣ್ಣಿಗೆ ಕಂಪ್ಯೂಟರಿನದೇ ಒಂದು ಭಾಗ. ಒಂದು ಡಿಸ್ಕ್ ಚುಚ್ಚಿದ್ದಾಗಲೇ ದಾಳಿ ನಡೆದರೂ ಇನ್ನೊಂದರಲ್ಲಿ ಹೆಚ್ಚೆಂದರೆ ಎರಡು ವಾರ ಹಳೆಯ ಲೆಕ್ಕ ಉಳಿದಿರುತ್ತದೆ. ನಡುವಿನ ಬಿಲ್ಲುಗಳನ್ನು ಕಾಗದದ ಪ್ರತಿಗಳಿಂದ ಮತ್ತೆ ಏರಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆಯಾದರೂ ಬ್ಯಾಕಪ್ ಕಡತವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ಬಿಲ್ಲಿನ ಸಂಖ್ಯೆ ಸರಿಯಾಗಿ ಬಂದಿದೆಯೇ ಎಂದು ನೋಡಬೇಕು. ನಕಲಾಗಿದೆ ಎಂದು ಪರದೆ ಹೇಳಿದ್ದರೂ ಒಳಗೆ ಹಳೆಯ ಫೋಲ್ಡರೇ ನಕಲಾಗುತ್ತಿರುವುದು ಗೊತ್ತಾಗುವುದು ಆಗಲೇ.